ಭಾನುವಾರ ಮುರಿದ ಸೂಜಿ: ಬಯರ್ ಆಡಿಟ್‌ನಲ್ಲಿ ಸಿಕ್ಕ ಎನ್‌ಸಿಗೆ ಉತ್ತರ ಏನು ಬರೆಯಲಿ?

ಸೂಜಿಮಲ್ಲಿಗೆ · 14 ಮಾರ್ಚ್ 2024, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. 640 ಜನ ಕೆಲಸ ಮಾಡುತ್ತಾರೆ. ಮಕ್ಕಳ ಪೈಜಾಮ, ರಾಂಪರ್ ಮಾಡಿ ಹೊರದೇಶಕ್ಕೆ ಕಳಿಸುತ್ತೇವೆ.

ಮೊನ್ನೆ 12ಕ್ಕೆ ಬಯರ್ ಕಡೆಯಿಂದ ಇಬ್ಬರು ಆಡಿಟರ್ ಬಂದಿದ್ದರು. ಒಬ್ಬರು ಕ್ವಾಲಿಟಿ, ಒಬ್ಬರು ಲೇಬರ್. ಬೆಳಗ್ಗೆ ಕ್ವಾಲಿಟಿಯವರು ನನ್ನ ಬ್ರೋಕನ್ ನೀಡಲ್ ರಿಜಿಸ್ಟರ್ ಕೇಳಿದರು. ಕೊಟ್ಟೆ. ತುಂಬಾ ಚೆನ್ನಾಗಿದೆ ಅಂದರು. ಮುರಿದ ಪ್ರತಿ ಸೂಜಿಯ ಎಲ್ಲಾ ಚೂರು ಟೇಪ್ ಹಾಕಿ ಅಂಟಿಸಿದ್ದೆ. ದಿನಾಂಕ, ಸಮಯ, ಬ್ಯಾಚ್, ಮಿಷಿನ್ ನಂಬರ್, ಸಹಿ ಎಲ್ಲಾ ಇತ್ತು. ಅವರು ಕೆಲವು ಪುಟಗಳ ಫೋಟೋ ತೆಗೆದುಕೊಂಡರು.

ಊಟದ ನಂತರ ಲೇಬರ್ ಆಡಿಟರ್ ಹಾಜರಾತಿ ತೆಗೆಸಿದರು. ಫೆಬ್ರುವರಿ 11 ಭಾನುವಾರ, ರಜೆ. 25 ಭಾನುವಾರ, ರಜೆ. ನನ್ನ ರಿಜಿಸ್ಟರ್‌ನಲ್ಲಿ 11ಕ್ಕೆ ಸಂಜೆ 5.40ಕ್ಕೆ 4ನೇ ಬ್ಯಾಚಲ್ಲಿ ಒಂದು ಸೂಜಿ ಮುರಿದಿದೆ. 25ಕ್ಕೆ ಎರಡು ಮುರಿದಿವೆ.

ನಿಜ ಹೇಳುತ್ತೇನೆ. ಆ ಎರಡೂ ಭಾನುವಾರ ಕೆಲಸ ನಡೆದಿತ್ತು. 11ಕ್ಕೆ ಎರಡು ಬ್ಯಾಚ್, 118 ಜನ. 25ಕ್ಕೆ 64 ಜನ. ಪಂಚಿಂಗ್ ಮಾಡಿಸಿರಲಿಲ್ಲ. ಸಂಜೆ ಕವರಲ್ಲಿ ದುಡ್ಡು ಕೊಟ್ಟರು.

ಈಗ ಮೇಜರ್ ಎನ್‌ಸಿ, ಅಂದರೆ ನಿಯಮ ಪಾಲಿಸಿಲ್ಲ ಅನ್ನುವ ದೊಡ್ಡ ಆಕ್ಷೇಪ, ಬಂದಿದೆ. 'ದಾಖಲೆಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ, ಕೆಲಸದ ಗಂಟೆ ಮತ್ತು ಕೂಲಿ ಪರಿಶೀಲಿಸಲು ಆಗಲಿಲ್ಲ' ಅಂತ. 14 ದಿನದಲ್ಲಿ ಕ್ಯಾಪ್, ಅಂದರೆ ತಪ್ಪು ಹೇಗೆ ಸರಿಪಡಿಸುತ್ತೇವೆ ಅನ್ನುವ ಉತ್ತರ, ಕಳಿಸಬೇಕು. ನಮ್ಮ ಎಚ್‌ಆರ್ ಮ್ಯಾನೇಜರ್ ಹೇಳುವುದು ಇಷ್ಟು: "ರಿಜಿಸ್ಟರ್ ಬರೆಯುವ ಹುಡುಗಿ ದಿನಾಂಕ ತಪ್ಪು ಹಾಕಿದ್ದಾಳೆ, ಅವಳಿಗೆ ಟ್ರೇನಿಂಗ್ ಕೊಟ್ಟಿದ್ದೇವೆ ಅಂತ ಬರಿ. ಟ್ರೇನಿಂಗ್ ಶೀಟಿಗೆ ಸಹಿ ಹಾಕು."

ನನ್ನ ಕೆಲಸ ನಾನು ಸರಿಯಾಗಿ ಮಾಡಿದ್ದಕ್ಕೆ ನಾನೇ ತಪ್ಪು ಒಪ್ಪಬೇಕಾ? ಏನು ಬರೆಯಲಿ? ಅನುಭವ ಇದ್ದವರು ಹೇಳಿ.

ಪೀಣ್ಯ 2ನೇ ಹಂತ · ರಾತ್ರಿ 9.22

ಸಹಿ ಹಾಕಬೇಡಿ. ಮೊದಲು ಅದು.

ನೂಲಿನ ಊರು · ರಾತ್ರಿ 9.31

ನಾನು ತಿರುಪ್ಪೂರಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಊರು ಚಾಮರಾಜನಗರ. ಇಲ್ಲಿ ಇದಕ್ಕೆ ಕನ್ಸಲ್ಟೆಂಟ್‌ಗಳೇ ಇದ್ದಾರೆ. ಹಾಜರಾತಿ ಎರಡು ಸೆಟ್ ಇಟ್ಟರೆ ನೀಡಲ್ ರಿಜಿಸ್ಟರೂ ಎರಡು ಸೆಟ್ ಇಡಬೇಕು. ನಿಮ್ಮವರು ಅರ್ಧ ಕೆಲಸ ಮಾಡಿದ್ದಾರೆ, ಅದಕ್ಕೆ ಸಿಕ್ಕಿಬಿದ್ದಿದ್ದಾರೆ. ಈಗ ಎಚ್‌ಆರ್ ಹೇಳಿದ ಹಾಗೆ ಬರೆದು ಮುಗಿಸಿ. ಕೆಲಸ ಮುಖ್ಯ ಅಲ್ವಾ?

ಹಳೇ ಆಡಿಟರ್ · ರಾತ್ರಿ 10.05

ನೂಲಿನ ಊರು ಅವರೇ, ಈ ಸಲಹೆ ಆ ಹುಡುಗಿಗೆ ಕೊಡಬೇಡಿ. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದ್ದೇನೆ. ಎರಡು ಸೆಟ್ ಯಾವತ್ತೂ ಪೂರ್ತಿ ಆಗುವುದಿಲ್ಲ. ಯಾಕೆಂದರೆ ಫ್ಯಾಕ್ಟರಿ ಒಂದು ದಿನ ಓಡಿದರೆ ಅದು ಹತ್ತು ಕಡೆ ಗುರುತು ಬಿಡುತ್ತದೆ. ಹಾಜರಾತಿಯನ್ನು ಎಚ್‌ಆರ್ ಬರೆಯುತ್ತಾರೆ. ಆದರೆ ಜನರೇಟರ್ ಡೀಸೆಲ್ ಪುಸ್ತಕ ಎಲೆಕ್ಟ್ರೀಷಿಯನ್ ಕೈಯಲ್ಲಿ ಇರುತ್ತದೆ. ಬಾಯ್ಲರ್ ಲಾಗ್ ಇನ್ನೊಬ್ಬರ ಹತ್ತಿರ. ಗೇಟಲ್ಲಿ ಸೆಕ್ಯುರಿಟಿಯವರ ಪುಸ್ತಕ. ಮೆಟಲ್ ಡಿಟೆಕ್ಟರ್ ಸರಿ ಇದೆಯಾ ಅಂತ ಗಂಟೆಗೊಮ್ಮೆ ಟೆಸ್ಟ್ ಕಾರ್ಡ್ ಹಾಕಿ ಬರೆದ ಹಾಳೆ. ಕ್ರೆಶ್‌ನಲ್ಲಿ ಮಕ್ಕಳಿಗೆ ಹಾಲು ಕೊಟ್ಟ ಲೆಕ್ಕ. ಇವೆಲ್ಲಾ ಬರೆಯುವವರಿಗೆ ಆಡಿಟ್ ನೆನಪಿರುವುದಿಲ್ಲ, ಅವರ ಕೆಲಸ ನೆನಪಿರುತ್ತದೆ. ಅದಕ್ಕೇ ಅವು ನಿಜ ಹೇಳುತ್ತವೆ.

ಸೂಜಿಮಲ್ಲಿಗೆ, ಈಗ ನಿಮ್ಮ ವಿಷಯ. ಎಚ್‌ಆರ್ ಹೇಳಿದ ಉತ್ತರ ಸುಳ್ಳು ಅನ್ನುವುದು ಒಂದು ಕಡೆ ಇರಲಿ. ಫ್ಯಾಕ್ಟರಿಗೇ ಅದು ದೊಡ್ಡ ಅಪಾಯ. ಯೋಚನೆ ಮಾಡಿ. ನೀವು ಮಕ್ಕಳ ಬಟ್ಟೆ ಮಾಡುತ್ತೀರಿ. ನೀಡಲ್ ರಿಜಿಸ್ಟರ್‌ನಲ್ಲಿ ದಿನಾಂಕ ನಂಬಲಾಗದು ಅಂತ ನೀವೇ ಲಿಖಿತವಾಗಿ ಕೊಟ್ಟರೆ, ಯಾವ ಸೂಜಿ ಯಾವ ದಿನ ಯಾವ ಬಂಡಲ್ ಹೊಲಿಯುವಾಗ ಮುರಿಯಿತು ಅಂತ ಹೇಳಲು ಆಗುವುದಿಲ್ಲ ಅಂತಾಯಿತು. ಆಗ ಕ್ವಾಲಿಟಿ ಆಡಿಟರ್ ಮತ್ತೆ ಫೈಲ್ ತೆಗೆಯುತ್ತಾರೆ. ಫೆಬ್ರುವರಿಯಲ್ಲಿ ಹೋದ ಶಿಪ್‌ಮೆಂಟ್ ಎಲ್ಲಾ ಅನುಮಾನಕ್ಕೆ ಬರುತ್ತದೆ. ಲೇಬರ್ ಕಡೆಯ ಒಂದು ಮೇಜರ್ ಮುಚ್ಚಲು ಹೋಗಿ ಪ್ರಾಡಕ್ಟ್ ಸೇಫ್ಟಿಯಲ್ಲಿ ಕ್ರಿಟಿಕಲ್ ತಂದುಕೊಳ್ಳುತ್ತೀರಿ. ಇದನ್ನು ಇದೇ ಮಾತಲ್ಲಿ ನಿಮ್ಮ ಎಂಡಿಗೆ ಹೇಳಿ. ಎಚ್‌ಆರ್‌ಗೆ ಅಲ್ಲ, ಎಂಡಿಗೆ.

ಸೂಜಿಮಲ್ಲಿಗೆ · ರಾತ್ರಿ 10.18

ಸರ್, ಇದು ನನಗೆ ಹೊಳೆದೇ ಇರಲಿಲ್ಲ. ಥ್ಯಾಂಕ್ಸ್.

ಎರಕದ ಮನೆ · ರಾತ್ರಿ 10.26

ನಾನು ಬೆಳಗಾವಿಯಲ್ಲಿ ಫೌಂಡ್ರಿಯಲ್ಲಿದ್ದೇನೆ. ವಾಹನ ಕಂಪನಿಗಳಿಗೆ ಕ್ಯಾಸ್ಟಿಂಗ್ ಕೊಡುತ್ತೇವೆ. ನಮ್ಮಲ್ಲಿ ಇಂಥ ಕಂಪ್ಲೇಂಟ್ ಬಂದರೆ ಕಾರಣ, ಪರಿಹಾರ ಎಲ್ಲಾ ಹೇಳುವ 8ಡಿ ರಿಪೋರ್ಟ್ ಬರೆಯುತ್ತೇವೆ. ಮೊದಲು ಮಾಡಬೇಕಾದ್ದು ಕಂಟೇನ್‌ಮೆಂಟ್. ಗೋಡೌನಲ್ಲಿ ಇರುವ ಮಾಲು ಎಲ್ಲಾ ಬೇರೆ ಇಟ್ಟು, ಮತ್ತೆ ಮೆಟಲ್ ಡಿಟೆಕ್ಟರ್‌ನಲ್ಲಿ ಹಾಕಿ. ಬಟ್ಟೆಯಲ್ಲಿ ಎಷ್ಟು ಸೂಜಿ ಚೂರು ಸಿಕ್ಕಿತ್ತು?

ಸೂಜಿಮಲ್ಲಿಗೆ · ರಾತ್ರಿ 10.30

ಬಟ್ಟೆಯಲ್ಲಿ ಏನೂ ಸಿಕ್ಕಿಲ್ಲ ಸರ್. ಮೂರು ಸೂಜಿಯ ಚೂರುಗಳೂ ಪೂರ್ತಿ ಸಿಕ್ಕಿ ಅಂಟಿಸಿದ್ದೇವೆ. ತೊಂದರೆ ಸೂಜಿಯದ್ದಲ್ಲ, ಭಾನುವಾರದ್ದು.

ಎರಕದ ಮನೆ · ರಾತ್ರಿ 10.33

ಓ, ಹಾಗಾ. ತಪ್ಪು ಓದಿಕೊಂಡೆ, ಕ್ಷಮಿಸಿ. ಆದರೂ ಒಂದು ಮಾತು ಇಲ್ಲಿಗೂ ಹೊಂದುತ್ತದೆ. 8ಡಿಯಲ್ಲಿ 'ಆಪರೇಟರ್ ತಪ್ಪು, ಟ್ರೇನಿಂಗ್ ಕೊಟ್ಟಿದ್ದೇವೆ' ಅಂತ ಬರೆದರೆ ನಮ್ಮ ಕಸ್ಟಮರ್ ಓದದೇ ವಾಪಸ್ ಕಳಿಸುತ್ತಾರೆ.

ಬಟನ್‌ಹೋಲ್ · ರಾತ್ರಿ 10.40

ಅಂದಹಾಗೆ ಚೂರು ಸಿಗದಿದ್ದರೆ ನೀವೆಲ್ಲಾ ಏನು ಮಾಡುತ್ತೀರಿ? ನಮ್ಮಲ್ಲಿ ಹೊಸದಾಗಿ ಶುರು ಮಾಡಿದ್ದೇವೆ.

ಸೂಜಿಮಲ್ಲಿಗೆ · ರಾತ್ರಿ 10.52

ಮಿಷಿನ್ ನಿಲ್ಲಿಸುತ್ತೇವೆ. ಆ ಪೀಸ್, ಆ ಬಂಡಲ್, ಸುತ್ತ ಇರುವ ಪೀಸ್ ಎಲ್ಲಾ ಕೆಂಪು ಡಬ್ಬಕ್ಕೆ. ಮಿಷಿನ್ ಕೆಳಗೆ, ಬಾಬಿನ್ ಕೇಸ್ ಒಳಗೆ ಮ್ಯಾಗ್ನೆಟ್ ಹಿಡಿದು ಹುಡುಕುತ್ತೇವೆ. ಆಮೇಲೆ ಡಬ್ಬದ ಪೀಸ್ ಒಂದೊಂದೇ ಡಿಟೆಕ್ಟರ್‌ಗೆ. ಆಗಲೂ ಸಿಗದಿದ್ದರೆ ಹೊಲಿಯುತ್ತಿದ್ದ ಪೀಸ್ ಕತ್ತರಿಸಿ ಹಾಕುತ್ತೇವೆ, ಅದನ್ನೂ ಬರೆಯುತ್ತೇವೆ. ಹಳೇ ಸೂಜಿಯ ಚೂರು ಕೊಡದೆ ಹೊಸ ಸೂಜಿ ಕೊಡುವುದಿಲ್ಲ. ಭಾನುವಾರವೂ ಹಾಗೇ ಮಾಡಿದ್ದು. ಭಾನುವಾರ ಅಂತ ಸೂಜಿ ಬರೆಯದೆ ಬಿಡಲು ಆಗುತ್ತದಾ?

ಲೆಕ್ಕದ ಪುಸ್ತಕ · 15 ಮಾರ್ಚ್, ಬೆಳಗ್ಗೆ 7.15

ಇಷ್ಟೊಂದು ತಲೆಕೆಡಿಸಿಕೊಳ್ಳುವ ವಿಷಯವೇ ಅಲ್ಲ ಇದು. ಕರ್ನಾಟಕದಲ್ಲಿ 2023ರಲ್ಲಿ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ಆಗಿದೆ. ಮೂರು ತಿಂಗಳಿಗೆ 144 ಗಂಟೆ ಓಟಿ ಮಾಡಿಸಬಹುದು. ಎರಡು ಭಾನುವಾರ ಅಂದರೆ 16 ಗಂಟೆ. ಕಾನೂನು ಪ್ರಕಾರವೇ ಇದೆ ಅಂತ ಬರೆದು ಕಳಿಸಿ.

ಹಳೇ ಆಡಿಟರ್ · ಬೆಳಗ್ಗೆ 8.02

144 ಸರಿ. ಆದರೆ ಅದು ಓಟಿ ಒಟ್ಟು ಎಷ್ಟು ಅನ್ನುವ ಮಿತಿ. ವಾರದ ರಜೆಯ ನಿಯಮ ಬೇರೆ, ಅದು ಹಾಗೇ ಇದೆ. ಭಾನುವಾರ ಕೆಲಸ ಮಾಡಿಸಲೇಬಾರದು ಅಂತ ಕಾಯ್ದೆ ಹೇಳುವುದಿಲ್ಲ, ಇದನ್ನೂ ಜನ ತಪ್ಪು ತಿಳಿದಿದ್ದಾರೆ. 1948ರ ಕಾಯ್ದೆಯ 52ನೇ ಸೆಕ್ಷನ್ ನೋಡಿ. ಭಾನುವಾರ ಕರೆಸಿದರೆ ಅದರ ಹಿಂದಿನ ಮೂರು ದಿನ ಅಥವಾ ಮುಂದಿನ ಮೂರು ದಿನದಲ್ಲಿ ಒಂದು ಪೂರ್ತಿ ರಜೆ ಕೊಡಬೇಕು. ಮೊದಲೇ ಇನ್‌ಸ್ಪೆಕ್ಟರ್‌ಗೆ ನೋಟಿಸ್ ಕೊಡಬೇಕು, ಫ್ಯಾಕ್ಟರಿಯಲ್ಲೂ ಅಂಟಿಸಬೇಕು. ಏನೇ ಆದರೂ ರಜೆ ಇಲ್ಲದೆ ಸತತ ಹತ್ತು ದಿನಕ್ಕಿಂತ ಜಾಸ್ತಿ ದುಡಿಸುವಂತಿಲ್ಲ.

ಈಗ ಇವರ ಕೇಸ್ ಎಣಿಸಿ. 5ನೇ ತಾರೀಖು ಸೋಮವಾರ ಶುರು. 11 ಭಾನುವಾರ ಕೆಲಸ. 17 ಶನಿವಾರದವರೆಗೆ ಮಧ್ಯೆ ರಜೆ ಕೊಡದಿದ್ದರೆ 13 ದಿನ ಒಂದೇ ಸಮನೆ. ಇದನ್ನು 144 ಗಂಟೆ ಉಳಿಸುವುದಿಲ್ಲ. ಮಧ್ಯೆ ರಜೆ ಕೊಟ್ಟಿದ್ದರಾ ಮೇಡಂ?

ಸೂಜಿಮಲ್ಲಿಗೆ · ಬೆಳಗ್ಗೆ 8.20

ಇಲ್ಲ. ಆ ವಾರ ದಿನಾ ಒಂದು ಗಂಟೆ ಓಟಿಯೂ ಇತ್ತು.

ಹಳೇ ಆಡಿಟರ್ · ಬೆಳಗ್ಗೆ 8.31

ಹಾಗಾದರೆ 48, ಮೇಲೆ 6, ಭಾನುವಾರದ 8. ಒಟ್ಟು 62 ಗಂಟೆ. ಬಹಳ ಬಯರ್‌ಗಳ ಕೋಡ್‌ನಲ್ಲಿ ವಾರಕ್ಕೆ ಓಟಿ ಸೇರಿ 60 ಮೇಲೆ ಹೋಗಬಾರದು ಅಂತ ಇರುತ್ತದೆ. ಎರಡು ಗಂಟೆ ಜಾಸ್ತಿ ಅನ್ನುವುದು ದೊಡ್ಡ ವಿಷಯವಲ್ಲ, ಒಪ್ಪಿಕೊಂಡಿದ್ದರೆ ಸಣ್ಣ ಎನ್‌ಸಿ ಆಗುತ್ತಿತ್ತು. ಮುಚ್ಚಿಟ್ಟಿದ್ದೇ ಅದನ್ನು ಮೇಜರ್ ಮಾಡಿತು.

ಟೈಲರ್ ಅಕ್ಕ · ಬೆಳಗ್ಗೆ 9.40

ನಾನು ಟೈಲರ್. ಬೇರೆ ಫ್ಯಾಕ್ಟರಿ, ಮೈಸೂರು ರಸ್ತೆ. ನೀವೆಲ್ಲಾ ಪುಸ್ತಕದ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮನ್ನು ಯಾರಾದರೂ ಕೇಳಿದರಾ?

ಆಡಿಟ್ ಬರುತ್ತದೆ ಅಂದರೆ ನಮಗೆ ಒಂದು ವಾರ ಮುಂಚೆ ಗೊತ್ತಾಗುತ್ತದೆ. ಕುಡಿಯುವ ನೀರಿನ ಟ್ಯಾಂಕ್ ತೊಳೆಯುತ್ತಾರೆ. ಮಾಸ್ಕ್ ಕೊಡುತ್ತಾರೆ. ಟಾಯ್ಲೆಟ್‌ಗೆ ಸೋಪು ಬರುತ್ತದೆ. ಆಮೇಲೆ ಬ್ಯಾಚ್‌ಗೆ ಐದೈದು ಜನರನ್ನು ಕರೆದು ಸೂಪರ್‌ವೈಸರ್ ಹೇಳಿಕೊಡುತ್ತಾರೆ. "ಭಾನುವಾರ ಕೆಲಸ ಇದೆಯಾ ಅಂದರೆ ಇಲ್ಲ ಅನ್ನಿ. ಬೈತಾರಾ ಅಂದರೆ ಇಲ್ಲ ಅನ್ನಿ. ಓಟಿ ಡಬಲ್ ಕೊಡ್ತಾರೆ ಅನ್ನಿ. ಫ್ಯಾಕ್ಟರಿ ಆರ್ಡರ್ ಹೋದರೆ ನಿಮ್ಮ ಕೆಲಸವೂ ಹೋಗುತ್ತದೆ." ನಮ್ಮನ್ನು ಮಾತಾಡಿಸಿದ್ದು ಎಚ್‌ಆರ್ ರೂಮಿನ ಪಕ್ಕದ ಗಾಜಿನ ಕ್ಯಾಬಿನ್‌ನಲ್ಲಿ. ಯಾರು ಒಳಗೆ ಹೋದರು, ಎಷ್ಟು ಹೊತ್ತು ಮಾತಾಡಿದರು ಅಂತ ಹೊರಗಿಂದ ಕಾಣುತ್ತದೆ. ಅಲ್ಲಿ ಯಾರು ನಿಜ ಹೇಳುತ್ತಾರೆ?

ಇನ್ನೊಂದು ಮಾತು. ಭಾನುವಾರ ನಿಲ್ಲಿಸಿ ಅಂತ ಎಲ್ಲರೂ ಹೇಳುತ್ತೀರಿ. ನನಗೆ ಆ ಕವರ್ ದುಡ್ಡು ಬೇಕು. ಸಂಘದ ಸಾಲದ ಕಂತು ಅದರಿಂದಲೇ ಕಟ್ಟುವುದು. ನಿಲ್ಲಿಸಬೇಡಿ, ಸರಿಯಾಗಿ ಕೊಡಿ.

ಪೀಣ್ಯ 2ನೇ ಹಂತ · ಬೆಳಗ್ಗೆ 9.58

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಗಾಜಿನ ಕ್ಯಾಬಿನ್ ನಮ್ಮಲ್ಲೂ ಇದೆ.

ಹಳೇ ಆಡಿಟರ್ · ಬೆಳಗ್ಗೆ 10.20

ಅಕ್ಕ, ನೀವು ಬರೆದಿದ್ದು ಓದಿ ನನಗೆ ಬೇಜಾರಾಯಿತು. ಆ ಕ್ಯಾಬಿನ್‌ಗಳಲ್ಲಿ ನಾನೂ ಎಷ್ಟೋ ಸಲ ಕೂತಿದ್ದೇನೆ. ಮೂರು ಪ್ರಶ್ನೆಗೆ ಹತ್ತು ಜನ ಒಂದೇ ಮಾತಲ್ಲಿ ಉತ್ತರ ಕೊಟ್ಟರೆ ಹೇಳಿಕೊಟ್ಟಿದ್ದಾರೆ ಅಂತ ಗೊತ್ತಾಗುತ್ತದೆ. ಆದರೆ ರಿಪೋರ್ಟ್‌ನಲ್ಲಿ ಏನಂತ ಬರೆಯುವುದು? ಯಾರೋ ಹೇಳಿದರು ಅಂತ ಬರೆದರೆ ಮರುದಿನ ಆ ಹತ್ತು ಜನರನ್ನು ಕರೆದು ಕೇಳುತ್ತಾರೆ. ಅದಕ್ಕೇ ನಾನು ಮಾತಿಗಿಂತ ಪುಸ್ತಕದ ಸಾಕ್ಷಿ ಹುಡುಕುತ್ತಿದ್ದೆ. ಸೂಜಿಯ ಚೂರು ಸಾಕ್ಷಿ ಹೇಳಿದರೆ ಯಾವ ಹೆಣ್ಣುಮಗಳಿಗೂ ತೊಂದರೆ ಇಲ್ಲ.

ಟೈಲರ್ ಅಕ್ಕ · ಬೆಳಗ್ಗೆ 10.34

ಸೂಜಿ ಬರೆದ ಹುಡುಗಿಗೆ ತೊಂದರೆ ಬಂತಲ್ಲ ಸರ್.

ಹಳೇ ಆಡಿಟರ್ · ಬೆಳಗ್ಗೆ 10.41

ಹೌದು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಟಿಎನ್‌ಎ ತಂಗಿ · ಮಧ್ಯಾಹ್ನ 1.12

ನಾನು ಮರ್ಚಂಡೈಸರ್. ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಆ ಎರಡು ಭಾನುವಾರ ಯಾಕೆ ಕೆಲಸ ಮಾಡಿಸಿದರು? ಸುಮ್ನೆ ಯಾರೂ ಭಾನುವಾರ ಲೈನ್ ಓಡಿಸುವುದಿಲ್ಲ. ಆ ಆರ್ಡರ್‌ನ ಯಾವ ಕೆಲಸ ಯಾವ ದಿನ ಮುಗಿಯಬೇಕು ಅಂತ ಬರೆದ ಟಿಎನ್‌ಎ ಶೀಟ್ ತೆಗೆಸಿ ನೋಡಿ. ಬಣ್ಣದ ಅಪ್ರೂವಲ್ ಯಾವತ್ತು ಬರಬೇಕಿತ್ತು, ಯಾವತ್ತು ಬಂತು?

ಸೂಜಿಮಲ್ಲಿಗೆ · ಸಂಜೆ 7.45

ಟಿಎನ್‌ಎ ತಂಗಿ, ನೀವು ಹೇಳಿದ ಮೇಲೆ ಇವತ್ತು ನಮ್ಮ ಮರ್ಚಂಡೈಸರ್ ಹತ್ತಿರ ಕೂತು ನೋಡಿದೆ. ಬಣ್ಣದ ಸ್ಯಾಂಪಲ್, ಅದೇ ಲ್ಯಾಬ್ ಡಿಪ್, ಎರಡು ಸಲ ರಿಜೆಕ್ಟ್ ಆಗಿದೆ. ಮೂರನೇ ಸಲ ಅಪ್ರೂವಲ್ ಬಂದಿದ್ದು 9 ದಿನ ತಡವಾಗಿ. ಬಟ್ಟೆ ಒಳಗೆ ಬಂದಿದ್ದೂ 9 ದಿನ ತಡ. ಶಿಪ್‌ಮೆಂಟ್ ದಿನ ಮಾತ್ರ ಬದಲಾಗಿಲ್ಲ. 11ರ ಭಾನುವಾರ ಅದಕ್ಕೆ.

25ರ ಕಥೆ ಬೇರೆ. 2,400 ಪೀಸ್ ಲಾಟ್. ಫೈನಲ್ ಇನ್‌ಸ್ಪೆಕ್ಷನ್‌ನಲ್ಲಿ 125 ಪೀಸ್ ತೆಗೆದು ನೋಡಿದರು. ಒಪ್ಪಬಹುದಾದ ದೋಷದ ಮಟ್ಟ, ಅಂದರೆ ಎಕ್ಯೂಎಲ್, 2.5ಕ್ಕೆ 7 ಮೇಜರ್ ದೋಷದ ತನಕ ಪಾಸ್. ನಮಗೆ 9 ಬಂತು. ಬಹಳಷ್ಟು ಓಪನ್ ಸೀಮ್, ಬ್ರೋಕನ್ ಸ್ಟಿಚ್. ಲಾಟ್ ಫೇಲ್. ಪೂರ್ತಿ 2,400 ಮತ್ತೆ ಚೆಕ್ ಮಾಡಿ ರಿಪೇರಿ ಮಾಡಬೇಕಾಯಿತು. ಅದಕ್ಕೇ 64 ಜನ ಭಾನುವಾರ ಬಂದರು.

ಫೇಲ್ ಆದ ಬಂಡಲ್‌ಗಳ ಟಿಕೆಟ್ ಹುಡುಕಿದೆ. 9ರಲ್ಲಿ 6 ಪೀಸ್ 4ನೇ ಬ್ಯಾಚಿನವು. 11ರ ಭಾನುವಾರ ಹೊಲಿದಿದ್ದು, ಇಲ್ಲಾ ಆ 13 ದಿನದ ಕೊನೆಯ ವಾರದಲ್ಲಿ ಹೊಲಿದಿದ್ದು. ಆರು ಪೀಸಿಂದ ಏನೂ ಸಾಬೀತಾಗುವುದಿಲ್ಲ, ಅದು ಗೊತ್ತು. ಆದರೂ ಮನಸ್ಸಿಗೆ ಹತ್ತಿತು. ಆ ಭಾನುವಾರ ಎಂಡ್‌ಲೈನ್ ಚೆಕ್ಕರ್ ಇಬ್ಬರ ಜಾಗದಲ್ಲಿ ಒಬ್ಬಳೇ ಇದ್ದಳು.

ಟಿಎನ್‌ಎ ತಂಗಿ · ಸಂಜೆ 7.58

ನೋಡಿದಿರಾ? ಒಂದು ಭಾನುವಾರ ಇನ್ನೊಂದು ಭಾನುವಾರವನ್ನು ಹೆತ್ತಿದೆ. ಇದೇ ನಿಮ್ಮ ರೂಟ್ ಕಾಸ್. ದಿನಾಂಕ ತಪ್ಪು ಬರೆದ ಹುಡುಗಿ ಅಲ್ಲ.

ಲೆಕ್ಕದ ಪುಸ್ತಕ · ರಾತ್ರಿ 8.15

ಬಯರ್ ತಡ ಮಾಡಿದ ಅಂತ ಬಯರ್‌ಗೇ ಬರೆದರೆ ಮುಂದಿನ ಆರ್ಡರ್ ಬರುತ್ತದಾ? ಇದು ಪ್ರಾಕ್ಟಿಕಲ್ ಅಲ್ಲ.

ಟಿಎನ್‌ಎ ತಂಗಿ · ರಾತ್ರಿ 8.27

ಬೈದು ಬರೆಯಿರಿ ಅನ್ನುತ್ತಿಲ್ಲ. ದಿನಾಂಕ ಮಾತ್ರ ಬರೆಯಿರಿ. ಅಪ್ರೂವಲ್ ಮೇಲ್ ಅವರ ಹತ್ತಿರವೂ ಇದೆ. ಮುಂದೆ ಅಪ್ರೂವಲ್ ತಡವಾದರೆ ಎರಡು ಕೆಲಸದ ದಿನದೊಳಗೆ ಹೊಸ ಶಿಪ್‌ಮೆಂಟ್ ದಿನ ಲಿಖಿತವಾಗಿ ಕೇಳುತ್ತೇವೆ ಅಂತ ಸೇರಿಸಿ. ಅದು ನಿಮ್ಮ ಕಡೆಯ ಕ್ರಮ. ಕೇಳದೆ ಒಪ್ಪಿಕೊಂಡಿದ್ದು ನಿಮ್ಮ ಫ್ಯಾಕ್ಟರಿಯ ತಪ್ಪೂ ಹೌದು.

ಹಳೇ ಆಡಿಟರ್ · ರಾತ್ರಿ 8.50

ನಾನು ಅರ್ಧ ಒಪ್ಪುತ್ತೇನೆ. ಬಯರ್ ಕಂಪನಿಯಲ್ಲಿ ಕ್ಯಾಪ್ ಓದುವವರು ಒಂದು ವಿಭಾಗ, ಆರ್ಡರ್ ಕೊಡುವವರು ಇನ್ನೊಂದು. ಓದುವವರು ಒಪ್ಪಿದರೂ ಆರ್ಡರ್ ಕೊಡುವವರು ದಿನ ಮುಂದಕ್ಕೆ ಹಾಕುತ್ತಾರೆ ಅಂತ ನಾನು ಭರವಸೆ ಕೊಡಲಾರೆ. ಕೆಲವು ಕಡೆ ಹಾಕಿದ್ದನ್ನು ನೋಡಿದ್ದೇನೆ. ಬಹಳ ಕಡೆ 'ಸಪ್ಲೈಯರ್ ತನ್ನ ಪ್ಲ್ಯಾನಿಂಗ್ ಸರಿ ಮಾಡಿಕೊಳ್ಳಲಿ' ಅಂತ ಒಂದು ಸಾಲಲ್ಲಿ ವಾಪಸ್ ಬಂದಿದೆ. ಆದರೂ ಬರೆಯಿರಿ. ಬರೆಯದಿದ್ದರೆ ಅದು ಫೈಲಿಗೇ ಬರುವುದಿಲ್ಲ.

ಈಗ ದುಡ್ಡಿನ ಲೆಕ್ಕ. ಕವರಲ್ಲಿ ಎಷ್ಟು ಕೊಟ್ಟರು?

ಸೂಜಿಮಲ್ಲಿಗೆ · ರಾತ್ರಿ 8.55

ಒಂದು ದಿನದ ಕೂಲಿ. ಟೈಲರ್‌ಗೆ 450. ಮೇಲೆ ಒಂದು ಟೀ, ಬನ್ನು.

ಹಳೇ ಆಡಿಟರ್ · ರಾತ್ರಿ 9.12

ಎಲ್ಲರಿಗೂ 450 ಅಂತಲೇ ಇಟ್ಟು ಲೆಕ್ಕ ಹಾಕೋಣ. ತಿಂಗಳಿಗೆ 11,700, ಭಾಗಿಸು 26. ಗಂಟೆಗೆ 56 ರೂಪಾಯಿ 25 ಪೈಸೆ. ಓಟಿ ಅದರ ಎರಡರಷ್ಟು, 112.50. ಎಂಟು ಗಂಟೆಗೆ 900. ಕೊಟ್ಟಿದ್ದು 450. ಬಾಕಿ ತಲೆಗೆ 450. 11ನೇ ತಾರೀಖಿಗೆ 118 ಜನ, 53,100. 25ಕ್ಕೆ 64 ಜನ, 28,800. ಒಟ್ಟು 81,900 ರೂಪಾಯಿ.

ಈ ದುಡ್ಡು ಕೊಡದೆ ಕ್ಯಾಪ್ ಮುಚ್ಚುವುದಿಲ್ಲ. ಮುಂದೆ ಹೀಗೆ ಮಾಡುವುದಿಲ್ಲ ಅನ್ನುವುದು ಮುಂದಿನ ಮಾತು. ಆಗಿಹೋದ ಎರಡು ಭಾನುವಾರದ ಬಾಕಿ ಕೊಡುವುದು ಮೊದಲ ಮಾತು. ಶಿಪ್‌ಮೆಂಟ್ ತಡವಾಗಿ ವಿಮಾನದಲ್ಲಿ ಕಳಿಸಿದ್ದರೆ ಆಗುತ್ತಿದ್ದ ಖರ್ಚನ್ನು ನಿಮ್ಮ ಎಂಡಿಗೆ ಪಕ್ಕದಲ್ಲಿಟ್ಟು ತೋರಿಸಿ.

ಲೆಕ್ಕದ ಪುಸ್ತಕ · ರಾತ್ರಿ 9.20

ಆ 900ರ ಮೇಲೆ ಪಿಎಫ್, ಇಎಸ್‌ಐ ಎರಡೂ ಕಟ್ಟಬೇಕು. ಅದನ್ನೂ ಸೇರಿಸಿ.

ಹಳೇ ಆಡಿಟರ್ · ರಾತ್ರಿ 9.26

ಓಟಿ ಮೇಲೆ ಪಿಎಫ್ ಇಲ್ಲ. ಇಎಸ್‌ಐ ಇದೆ. ಕವರಲ್ಲಿ ಕೊಟ್ಟಾಗ ಅದೂ ತಪ್ಪಿಹೋಗಿದೆ. ಇದನ್ನು ನೆನಪಿಸಿದ್ದು ಒಳ್ಳೆಯದಾಯಿತು.

ಟೈಲರ್ ಅಕ್ಕ · ರಾತ್ರಿ 9.40

ಪಿಎಫ್ ಅಂದಾಗ 2016ರ ಏಪ್ರಿಲ್ ನೆನಪಾಯಿತು. ಪಿಎಫ್ ದುಡ್ಡು 58 ವರ್ಷದ ತನಕ ಪೂರ್ತಿ ತೆಗೆಯುವ ಹಾಗಿಲ್ಲ ಅಂತ ಸುದ್ದಿ ಬಂದಾಗ ಬೆಂಗಳೂರಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಇಳಿದೆವು. ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಯಾವ ಆಡಿಟೂ ಅವತ್ತು ನಮ್ಮ ಪರ ಬಂದಿರಲಿಲ್ಲ.

ಪೀಣ್ಯ 2ನೇ ಹಂತ · ರಾತ್ರಿ 9.47

ತುಟ್ಟಿಭತ್ಯೆ ವಿಷಯವೂ ಹಾಗೇ ಆಯಿತು. 2020ರ ಏಪ್ರಿಲ್‌ನಿಂದ ತಿಂಗಳಿಗೆ 417 ರೂಪಾಯಿ ಚಿಲ್ಲರೆ ಬರಬೇಕಿತ್ತು. ಎಷ್ಟೋ ಫ್ಯಾಕ್ಟರಿಗಳು ಒಂದೂವರೆ ವರ್ಷಕ್ಕೂ ಜಾಸ್ತಿ ಕೊಡಲಿಲ್ಲ. ಆ ಸಮಯದಲ್ಲೂ ಆಡಿಟ್ ನಡೆಯುತ್ತಲೇ ಇತ್ತು. ಸಂಘದವರು ಗಲಾಟೆ ಮಾಡಿದ ಮೇಲೆ ಬಾಕಿ ಬಂತು.

ನೂಲಿನ ಊರು · ರಾತ್ರಿ 10.02

ನಾನು ಹೇಳಿದ್ದೂ ಇದನ್ನೇ. ಆಡಿಟ್ ಅಂದರೆ ಕಾಗದ. ಪಾಕಿಸ್ತಾನದ ಕರಾಚಿಯಲ್ಲಿ 2012ರ ಸೆಪ್ಟೆಂಬರ್‌ನಲ್ಲಿ ಅಲಿ ಎಂಟರ್‌ಪ್ರೈಸಸ್ ಫ್ಯಾಕ್ಟರಿಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕೆಲವೇ ವಾರ ಮುಂಚೆ ಕೆಲಸಗಾರರನ್ನು ಸರಿಯಾಗಿ ನೋಡಿಕೊಳ್ಳುತ್ತಾರೆ ಅನ್ನುವ ಎಸ್‌ಎ 8000 ಸರ್ಟಿಫಿಕೇಟ್ ಸಿಕ್ಕಿತ್ತು. ಇಂಥ ಕಾಗದಕ್ಕೋಸ್ಕರ ಈ ಹುಡುಗಿ ಕೆಲಸ ಕಳೆದುಕೊಳ್ಳಬೇಕಾ ಅಂತ ನನ್ನ ಚಿಂತೆ. ಅದಕ್ಕೇ ಹಾಗೆ ಬರೆದೆ.

ಹಳೇ ಆಡಿಟರ್ · ರಾತ್ರಿ 10.25

ಕರಾಚಿಯ ವಿಷಯ ನೀವು ಹೇಳಿದ್ದು ಸರಿ, ನಮ್ಮ ಕೆಲಸಕ್ಕೆ ಅದು ಅಳಿಸಲಾಗದ ಕಲೆ. ನಿಮ್ಮ ಚಿಂತೆಯೂ ಅರ್ಥವಾಯಿತು. ಆದರೆ ಕಾಗದ ಸುಳ್ಳಾದರೆ ಬೆಂಕಿ ಬಿದ್ದ ದಿನ ಅದರಿಂದ ಯಾರಿಗೂ ಉಪಯೋಗ ಇಲ್ಲ ಅಂತಲೇ ಅಲ್ವಾ ಅದು ಹೇಳುವುದು?

ಕ್ಯಾಪ್ ಮುಚ್ಚುವುದು ಹೇಗೆ ಅನ್ನುವುದರಲ್ಲೇ ಎಲ್ಲಾ ಇದೆ. ನಾನು ಕಂಡ ಒಂದು ಕೇಸ್ ಹೇಳುತ್ತೇನೆ. ಒಂದು ಫ್ಯಾಕ್ಟರಿಯಲ್ಲಿ ಎಮರ್ಜೆನ್ಸಿ ಬಾಗಿಲಿನ ಮುಂದೆ ಕಾರ್ಟನ್ ಪೇರಿಸಿದ್ದರು. ಎನ್‌ಸಿ ಕೊಟ್ಟೆ. ಎರಡು ವಾರಕ್ಕೆ ಖಾಲಿ ಬಾಗಿಲಿನ ಫೋಟೋ ಬಂತು. ಕೂತಲ್ಲೇ ಮುಚ್ಚಿದೆ. ಮುಂದಿನ ವರ್ಷ ಹೋದರೆ ಅಲ್ಲೇ ಕಾರ್ಟನ್. ಮತ್ತೆ ಎನ್‌ಸಿ, ಮತ್ತೆ ಫೋಟೋ. ಈ ಸಲ ಹಳೇ ಫೋಟೋ ಪಕ್ಕ ಇಟ್ಟು ನೋಡಿದೆ. ಅದೇ ನೀಲಿ ಬಕೆಟ್, ಅದೇ ಕೋನ, ಗೋಡೆಯ ಮೇಲೆ ಅದೇ ಹಳೇ ಕ್ಯಾಲೆಂಡರ್. ಒಂದೇ ಫೋಟೋ ಎರಡು ಸಲ ಕಳಿಸಿದ್ದರು. ಕಾರ್ಟನ್ ಅಲ್ಲಿ ಯಾಕೆ ಬರುತ್ತದೆ ಅಂತ ನಾನು ಮೊದಲ ವರ್ಷ ಕೇಳಲೇ ಇಲ್ಲ. ಗೋಡೌನ್ ಚಿಕ್ಕದು, ಶಿಪ್‌ಮೆಂಟ್ ವಾರದಲ್ಲಿ ಮಾಲು ಇಡಲು ಬೇರೆ ಜಾಗವೇ ಇರಲಿಲ್ಲ. ಪಕ್ಕದ ಶೆಡ್ ಬಾಡಿಗೆಗೆ ತೆಗೆದುಕೊಂಡ ಮೇಲೆ ಬಾಗಿಲು ಖಾಲಿಯಾಯಿತು.

ಹಾಗಾಗಿ ನಿಮ್ಮ ಕೇಸ್‌ಗೆ ಟ್ರೇನಿಂಗ್ ಶೀಟ್ ಸಾಕ್ಷಿಯೇ ಅಲ್ಲ. ನಾನು ಫಾಲೋಅಪ್‌ಗೆ ಬಂದರೆ ಮುಂದಿನ ಮೂರು ತಿಂಗಳ ಪಂಚಿಂಗ್ ಡೇಟಾ, ಬ್ಯಾಂಕಿಗೆ ಹಾಕಿದ ಓಟಿ, ಗೇಟ್ ಪುಸ್ತಕ ಕೇಳುತ್ತೇನೆ. ಪಕ್ಕದಲ್ಲಿ ನಿಮ್ಮ ನೀಡಲ್ ರಿಜಿಸ್ಟರ್ ಇಟ್ಟು ತಾಳೆ ನೋಡುತ್ತೇನೆ. ಒಂದು ಭಾನುವಾರ ಬೆಳಗ್ಗೆ ಹೇಳದೆ ಬಂದು ಗೇಟಲ್ಲಿ ನಿಲ್ಲುತ್ತೇನೆ. ಜನರನ್ನು ಮಾತಾಡಿಸುವುದಿದ್ದರೆ ಫ್ಯಾಕ್ಟರಿ ಒಳಗಲ್ಲ, ಬಸ್ ಸ್ಟಾಪ್ ಹತ್ತಿರ.

ಬಟನ್‌ಹೋಲ್ · ರಾತ್ರಿ 10.38

ಭಾನುವಾರ ಸೂಜಿ ಎಂಟ್ರಿ ಒಂದೂ ಇಲ್ಲ ಅಂದರೂ ಅನುಮಾನವೇ ಅಲ್ವಾ ಸರ್? ಈ ಸಲ ಸಿಕ್ಕಿಬಿದ್ದ ಮೇಲೆ ರಿಜಿಸ್ಟರ್ ಬರೆಯುವುದನ್ನೇ ನಿಲ್ಲಿಸಿಬಿಟ್ಟರೆ?

ಹಳೇ ಆಡಿಟರ್ · ರಾತ್ರಿ 10.44

ನನ್ನ ಭಯವೂ ಅದೇ. ಹಾಗೆ ಆದರೆ ಮಕ್ಕಳ ಬಟ್ಟೆಯಲ್ಲಿ ಸೂಜಿ ಹೋಗುವ ದಾರಿ ತೆರೆದ ಹಾಗೆ. ಒಂದು ಗುರುತು ಇದೆ. ಹೊಸ ಸೂಜಿ ಎಷ್ಟು ಖರೀದಿ ಆಗಿದೆ, ಸ್ಟೋರ್‌ನಿಂದ ಎಷ್ಟು ಹೊರಗೆ ಹೋಗಿದೆ, ಹಳೆಯವು ಎಷ್ಟು ವಾಪಸ್ ಬಂದಿವೆ. ಮೂರೂ ಕೂಡದಿದ್ದರೆ ಎಲ್ಲೋ ಬರೆಯುವುದನ್ನು ಬಿಟ್ಟಿದ್ದಾರೆ ಅಂತ ಅರ್ಥ.

ಎರಕದ ಮನೆ · 16 ಮಾರ್ಚ್, ಬೆಳಗ್ಗೆ 6.50

ಮೇಡಂ, ನಿಮ್ಮ ರಿಜಿಸ್ಟರ್‌ನ ಆ ಪುಟಗಳ ಫೋಟೋ ಆಡಿಟರ್ ಹತ್ತಿರ ಹೇಗೂ ಇದೆ. ಯಾರಾದರೂ ಪುಟ ಬದಲಾಯಿಸಿ ಅಂದರೆ ಇದನ್ನು ನೆನಪಿಸಿ.

ಸೂಜಿಮಲ್ಲಿಗೆ · 20 ಮಾರ್ಚ್, ರಾತ್ರಿ 9.30

ಎಲ್ಲರಿಗೂ ಒಂದು ಅಪ್‌ಡೇಟ್. ಸೋಮವಾರ ಎಂಡಿ ಹತ್ತಿರ ಹೋದೆ. ಜೊತೆಗೆ ಪ್ರೊಡಕ್ಷನ್ ಮ್ಯಾನೇಜರ್ ಬಂದರು, ಅದು ನನಗೆ ಧೈರ್ಯ ಕೊಟ್ಟಿತು. ನೀಡಲ್ ರಿಜಿಸ್ಟರ್ ಸುಳ್ಳು ಅಂತ ಬರೆದರೆ ಏನಾಗುತ್ತದೆ ಅನ್ನುವುದನ್ನು ಮೊದಲು ಹೇಳಿದೆ. ಎಂಡಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಎಚ್‌ಆರ್ ಅವರನ್ನು ಕರೆದು ಆ ಉತ್ತರ ಬೇಡ ಅಂದರು.

ಈಗ ಡ್ರಾಫ್ಟ್‌ನಲ್ಲಿ ಇರುವುದು ಇದು. ಎರಡು ಭಾನುವಾರ ಕೆಲಸ ನಡೆದಿದೆ, ಹಾಜರಾತಿಯಲ್ಲಿ ತೋರಿಸಿಲ್ಲ ಅಂತ ಒಪ್ಪಿಕೊಂಡಿದ್ದೇವೆ. ಅಪ್ರೂವಲ್ 9 ದಿನ ತಡವಾದ ಮೇಲ್, ಫೇಲ್ ಆದ ಫೈನಲ್ ರಿಪೋರ್ಟ್ ಎರಡನ್ನೂ ಲಗತ್ತಿಸಿದ್ದೇವೆ. ಇನ್ನು ಮುಂದೆ ಭಾನುವಾರ ಲೈನ್ ಓಡಿದರೆ ಪಂಚಿಂಗ್ ಇಲ್ಲದೆ ಗೇಟ್ ಒಳಗೆ ಬಿಡುವುದಿಲ್ಲ, ಮೂರು ದಿನದೊಳಗೆ ಬದಲಿ ರಜೆ, ಎಂಡ್‌ಲೈನ್‌ನಲ್ಲಿ ಇಬ್ಬರು ಚೆಕ್ಕರ್ ಇಲ್ಲದೆ ಬ್ಯಾಚ್ ಶುರು ಮಾಡುವುದಿಲ್ಲ ಅಂತ ಬರೆದಿದ್ದೇವೆ.

81,900 ಮಾತ್ರ ಇನ್ನೂ ನಿಂತಿದೆ. ಅಕೌಂಟ್ಸ್‌ನವರು ಏಪ್ರಿಲ್ ಸಂಬಳದ ಜೊತೆ 'ಇನ್ಸೆಂಟಿವ್' ಅಂತ ಹಾಕೋಣ ಅನ್ನುತ್ತಿದ್ದಾರೆ. ಎಂಡಿ ಇನ್ನೂ ಸಹಿ ಮಾಡಿಲ್ಲ. ಎಚ್‌ಆರ್ ನನ್ನ ಜೊತೆ ಮಾತಾಡುತ್ತಿಲ್ಲ.

ಹಳೇ ಆಡಿಟರ್ · ರಾತ್ರಿ 9.41

'ಇನ್ಸೆಂಟಿವ್' ಅಂತ ಬೇಡ. ಬೇರೆ ಹೆಸರಲ್ಲಿ ಹಾಕಿದರೆ ಓಟಿ ಬಾಕಿ ಕೊಟ್ಟ ಸಾಕ್ಷಿ ಆಗುವುದಿಲ್ಲ.

ಲೆಕ್ಕದ ಪುಸ್ತಕ · ರಾತ್ರಿ 9.50

ಬಯರ್ ಕಡೆಯಿಂದ ಶಿಪ್‌ಮೆಂಟ್ ದಿನದ ಬಗ್ಗೆ ಏನು ಬರುತ್ತದೆ ನೋಡಿ ಇಲ್ಲಿ ಹಾಕಿ. ನನಗೆ ಈಗಲೂ ನಂಬಿಕೆ ಇಲ್ಲ.

ಟೈಲರ್ ಅಕ್ಕ · ರಾತ್ರಿ 10.06

ತಂಗಿ, ಸ್ಲಿಪ್‌ನಲ್ಲಿ ಬೇರೆ ಸಾಲಲ್ಲಿ ಬರೆಸು. ಫೆಬ್ರುವರಿ 11, 25, ಎಷ್ಟು ಗಂಟೆ, ಎಷ್ಟು ದರ. ಒಟ್ಟಿಗೆ ಹಾಕಿದರೆ ನಮ್ಮಂಥವರಿಗೆ ಯಾವುದಕ್ಕೆ ಬಂತು ಅಂತ ಗೊತ್ತೇ ಆಗುವುದಿಲ್ಲ. ಹೆಲ್ಪರ್‌ಗಳದ್ದೂ ಸೇರಿದೆಯಾ ನೋಡು. ಅವರ ಹೆಸರು ಲಿಸ್ಟಿಂದ ಮೊದಲು ಬಿಟ್ಟುಹೋಗುತ್ತದೆ.

ಸೂಜಿಮಲ್ಲಿಗೆ · ರಾತ್ರಿ 10.15

118ರಲ್ಲಿ ಹೆಲ್ಪರ್ 22 ಜನ ಅಕ್ಕ. ನಾಳೆ ಬೆಳಗ್ಗೆ ಮೊದಲು ಆ ಲಿಸ್ಟ್ ನೋಡುತ್ತೇನೆ.